ಕರಿಬಸಯ್ಯನ ನಾಳೆ

ಲಿಂಗಸುಗೂರಿನ ಮೋಟಾರು ಸ್ಟ್ಯಾಂಡಿನಲ್ಲಿ ಕರಿಬಸಯ್ಯನೆಂಬ ಬುಕಿಂಗ್ ಏಜೆಂಟನಿದ್ದ. ನಿಜಾಮರ ಆಳ್ವಿಕೆ, ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದು ಇಲ್ಲಿ ಪೆಟ್ರೋಲಿಗೆ ಬರ ಬಂದಿದ್ದ ದಿನಗಳು. ಮುಂಬಯಿ, ಮದ್ರಾಸುಗಳಿಂದ ರೈಲಿನಲ್ಲಿ ಬಂದ ಮಾಲು ರಾಯಚೂರಿನ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಒಂದು ಖಾಸಗಿ ಕಂಪನಿಯ ಲಾರಿ ಅದನ್ನು ಲಿಂಗಸುಗೂರಿಗೆ ತರುತ್ತಿತ್ತು. ಊರಿನದು ಊರಿಗೆ ಕೊಟ್ಟು, ಮಸ್ಕಿಯದು ಮಸ್ಕಿಗೆ, ಸಿಂಧನೂರಿನದು ಸಿಂಧನೂರಿಗೆ ವಿಂಗಡಿಸಿ ಕಳಿಸುವುದು ಕರಿಬಸಯ್ಯನ ಕೆಲಸ. ಆದರೆ ಅವನ ದಿನದ ಮುಕ್ಕಾಲು ಪಾಲು ಆ ಕೆಲಸಕ್ಕೆ ಹೋಗುತ್ತಿರಲಿಲ್ಲ. ಇನ್ನೂ ಬಾರದ ಮಾಲು ಯಾವಾಗ ಬಂದೀತು ಎಂದು ಕೇಳುವವರಿಗೆ ಉತ್ತರ ಕೊಡುವುದಕ್ಕೇ ಹೋಗುತ್ತಿತ್ತು.

ಉತ್ತರ ಒಂದೇ. "ನಾಳೆ ಬರತೈತಿ, ಹೋಗ್ರಿ."

ಅವನೇನೂ ಮೋಸಗಾರನಲ್ಲ. ಎದುರಿಗೆ ನಿಂತವರ ಮುಖ ಬಾಡುವುದನ್ನು ನೋಡಲಾರದ ಮನುಷ್ಯ, ಅಷ್ಟೇ. ಮಗಳ ಮದುವೆಯ ಸೀರೆಗಂಟು ಬರಲಿಲ್ಲವೆಂದು ಒಬ್ಬಳು ಕಣ್ಣು ಒರೆಸಿಕೊಂಡರೆ ಇವನಿಗೆ ಎಲೆ ಅಡಿಕೆಯೂ ರುಚಿಸದು. ನಾಳೆ ಎಂದುಬಿಟ್ಟರೆ ಆಕೆ ನಗುತ್ತ ಮನೆಗೆ ಹೋಗುತ್ತಾಳೆ. ಇವನೂ ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಳ್ಳಬಹುದು. ಮರುದಿನ ಬಂದರೆ ಇನ್ನೊಂದು ನಾಳೆ ಇದ್ದೇ ಇದೆ. ಊರವರಿಗೂ ಇದು ಒಗ್ಗಿಹೋಗಿತ್ತು. ಯಾವುದಾದರೂ ಕೆಲಸ ಆಗುವ ಲಕ್ಷಣ ಕಾಣದಿದ್ದರೆ "ಕರಿಬಸಯ್ಯನ ನಾಳೆಗೆ ಆಗತೈತಿ" ಎಂದು ಚಾವಡಿಯಲ್ಲಿ ನಗುತ್ತಿದ್ದರು. ಅವನೂ ನಗುತ್ತಿದ್ದ.

ಮಾಲು ನಿಲ್ಲುವುದಕ್ಕೆ ಕಾರಣಗಳಿಗೇನು ಬರ? ಸರ್ಕಾರದ ಕಚೇರಿಗಳಿಗೆ ಶುಕ್ರವಾರ ಜುಮ್ಮಾ ರಜೆ. ರೈಲಿನ ಮಾಲು ಆಫೀಸಿಗೆ ಆದಿತ್ಯವಾರ. ರೈಲಿನಿಂದ ಇಳಿದ ಮಾಲು ಕರೋಡಗಿರಿ ನಾಕಾದಲ್ಲಿ ಸುಂಕದ ಮುದ್ರೆ ಬೀಳದೆ ಒಂದು ಹೆಜ್ಜೆಯೂ ಮುಂದಿಡುವಂತಿಲ್ಲ. ಗುರುವಾರ ಸಂಜೆ ಬಂದ ಪೆಟ್ಟಿಗೆ ಶನಿವಾರದವರೆಗೆ ಸುಮ್ಮನೆ ಕೂತಿರಬೇಕು. ಹಬ್ಬ ಬಂತೆಂದರೆ ಇನ್ನೂ ಮಜಾ. ಚಂದ್ರ ಕಂಡರೆ ಈ ದಿನ ಈದ್, ಕಾಣದಿದ್ದರೆ ಮರುದಿನ; ಆಕಾಶದಲ್ಲಿ ಮೋಡ ಕಟ್ಟಿದರೆ ಲಿಂಗಸುಗೂರಿನ ಕಿರಾಣಿ ಅಂಗಡಿಯ ಬೆಲ್ಲ ಒಂದು ದಿನ ತಡ. ಇದನ್ನೆಲ್ಲ ರಾಯಚೂರಿನ ಗೋದಾಮಿನ ಗುಮಾಸ್ತ ಚಾಂದ್‌ಪಾಷಾ ಉರ್ದುವಿನಲ್ಲಿ ಚೀಟಿ ಬರೆದು ಟಪಾಲಿನಲ್ಲಿ ಕಳಿಸುತ್ತಿದ್ದ. ಇಂಥ ಮಾಲು ನಿಂತಿದೆ, ಇಂಥ ದಿನ ಹೊರಡುತ್ತದೆ ಎಂದು. ಆ ದಿನ ತಪ್ಪಿದರೆ ಇನ್ನೊಂದು ಚೀಟಿ, ಇನ್ನೊಂದು ದಿನ. ಚಾಂದ್‌ಪಾಷಾನೂ ಕರಿಬಸಯ್ಯನ ಹಾಗೇ ಮೆತ್ತನೆಯ ಮನಸ್ಸಿನವನು. ಇಬ್ಬರು ಮೆತ್ತನೆಯವರ ನಡುವೆ ಸಿಕ್ಕಿದ ಊರು ಹೇಗೋ ಬದುಕಿಕೊಂಡಿತ್ತು.

ಆ ವರ್ಷ ರಂಜಾನ್ ಮುಗಿಯುತ್ತ ಬಂದಿದ್ದಾಗ, ನೀರಿಗೆ ಹೋಗಿದ್ದ ಅವನ ಹೆಂಡತಿ ಪಂಪಮ್ಮನ ಮೀನಖಂಡಕ್ಕೆ ಬೀದಿನಾಯಿಯೊಂದು ಬಾಯಿ ಹಾಕಿತು. ಅದೇ ನಾಯಿ ಸ್ಟ್ಯಾಂಡಿನ ಹಮಾಲ ಅಂಬಪ್ಪನ ಹೆಂಡತಿ ಗದ್ದೆಮ್ಮನ ಮೊಳಕಾಲಿನ ಕೆಳಗೂ ಕಚ್ಚಿತು. ಜೊಲ್ಲು ಸುರಿಸುತ್ತ ಕಂಡದ್ದಕ್ಕೆಲ್ಲ ಎರಗುತ್ತಿದ್ದ ಅದನ್ನು ಜನ ಬಡಿದು ಕೊಂದರು. ದವಾಖಾನೆಯ ಡಾಕ್ಟರು ಗಾಯಗಳನ್ನು ತೊಳೆದು, ಇದು ಹುಚ್ಚುನಾಯಿಯೇ ಎಂದು ನಂಬಿ ನಡೆಯಬೇಕು, ಹದಿನಾಲ್ಕು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಬೇಕು ಎಂದರು. ರೋಗ ಮೈಮೇಲೆ ಬರುವ ಮುಂಚೆ ಸೂಜಿ ಬಿದ್ದರೆ ಬದುಕು. ಬಂದಮೇಲೆ ಯಾವ ಮದ್ದೂ ಇಲ್ಲ. ಕಾಲಿಗೆ ಕಚ್ಚಿದ್ದರಿಂದ ಒಂದಿಷ್ಟು ಅವಕಾಶ ಇರಬಹುದು, ಆದರೆ ಎಷ್ಟೆಂದು ತಾನು ಹೇಳಲಾರೆ ಎಂದೂ ಅಂದರು. ಔಷಧಿ ರಾಯಚೂರಿನ ದೊಡ್ಡ ದವಾಖಾನೆಯಲ್ಲಿದೆ, ಅಲ್ಲಿಗೆ ಹೋಗಬಹುದು. ಇಲ್ಲವೆಂದರೆ ಆ ಔಷಧಿ ತಯಾರಾಗುವ ಕೂನೂರಿಗೆ ತಂತಿ ಹೊಡೆದು ರೈಲಿನಲ್ಲಿ ಇಲ್ಲಿಗೇ ತರಿಸಬಹುದು.

ಮಳೆಯಲ್ಲಿ ಕುಂಟುವ ಹೆಂಗಸರನ್ನು ಅಷ್ಟು ದೂರ ಕುಲುಕಾಡಿಸಿಕೊಂಡು ಹೋಗುವುದೇಕೆ? ಮಾಲು ತರಿಸುವುದೇ ತನ್ನ ಕಸುಬು. ಇಲ್ಲಿಗೇ ತರಿಸಿರಿ ಎಂದ ಕರಿಬಸಯ್ಯ. ಗದ್ದೆಮ್ಮನೂ ಅದಕ್ಕೇ ಒಪ್ಪಿದಳು. ಅಯ್ಯನವರ ಹೆಂಡತಿಯೇ ಕಾಯುತ್ತಿರುವಾಗ ತನಗೇನು ಅವಸರ ಎಂಬುದು ಅವಳ ಲೆಕ್ಕ.

ಪೆಟ್ಟಿಗೆ ರಾಯಚೂರಿಗೆ ಬೇಗನೇ ಬಂತು. ಅಲ್ಲಿಂದ ಶುರುವಾಯಿತು ನೋಡಿ. ಚಾಂದ್‌ಪಾಷಾನ ಮೊದಲ ಚೀಟಿ: ನಾಕಾಕ್ಕೆ ಈದ್ ಹಬ್ಬದ ರಜೆ, ಹಬ್ಬ ಮುಗಿದ ಮರುದಿನ ಮುದ್ರೆ ಬೀಳುತ್ತದೆ. ಚಂದ್ರ ಕಾಣದೆ ಹಬ್ಬ ಒಂದು ದಿನ ಮುಂದಕ್ಕೆ ಹೋಯಿತು. ಅದರ ಬೆನ್ನಿಗೆ ಜುಮ್ಮಾ. ಎರಡನೆಯ ಚೀಟಿ: ಮುದ್ರೆ ಬಿದ್ದಿದೆ, ಆದರೆ ಸರ್ಕಾರ ಪೆಟ್ರೋಲಿನ ಪಡಿತರ ಕಡಿಮೆ ಮಾಡಿತೆಂದು ಲಾರಿ ಡ್ರೈವರುಗಳು ಹರತಾಳ ಹೂಡಿದ್ದಾರೆ, ಹರತಾಳ ಮುಗಿದೊಡನೆ ರವಾನಾ. ಕರಿಬಸಯ್ಯ ವಾಪಸು ಬರೆದ, "ದವಾಖಾನೆಯ ಪೆಟ್ಟಿಗೆ, ಬಹಳ ಜರೂರು" ಎಂದು. ಟಪಾಲಿನವರ ಕೈಲಾದರೂ ಕಳಿಸು ಎಂದು ಕೇಳಿದ. ಕಂಪನಿಯ ಹೆಸರಿನಲ್ಲಿ ಬುಕ್ ಆದ ಮಾಲನ್ನು ಟಪಾಲಿನವರು ಮುಟ್ಟುವುದಿಲ್ಲವೆಂದು ಉತ್ತರ ಬಂತು. ಜರೂರು ಎಂಬ ಮಾತಿಗಂತೂ ಬೆಲೆಯೇ ಇರಲಿಲ್ಲ. ಊದುಬತ್ತಿಯ ಗಂಟಿಗೂ ಜನ ಜರೂರು ಎಂದೇ ಬರೆಸುತ್ತಿದ್ದರು, ಬರೆಯುತ್ತಿದ್ದವನೂ ಇವನೇ.

ಮೂರನೆಯ ಚೀಟಿಯಲ್ಲಿ ಹರತಾಳ ಮುಗಿಯಿತೆಂಬ ಸುದ್ದಿ ಇತ್ತು. ಕೆಳಗೆ ಎರಡೇ ಮಾತು: ಪರಸೋ ರವಾನಾ.

ಉರ್ದುವಿನಲ್ಲಿ ಈ ಪರಸೋ ಎಂಬುದು ಎರಡು ಮುಖದ ಮಾತು. ಮೊನ್ನೆಯೂ ಪರಸೋ, ನಾಡಿದ್ದೂ ಪರಸೋ. ಮೊನ್ನೆ ಹೊರಟಿತೋ, ನಾಡಿದ್ದು ಹೊರಡುತ್ತದೆಯೋ? ಕರಿಬಸಯ್ಯನ ಆಸೆ ಮೊನ್ನೆಯ ಕಡೆಗೇ ವಾಲಿತು. ಮೊನ್ನೆ ಹೊರಟಿದ್ದರೆ ಲಾರಿ ದಾರಿಯಲ್ಲಿದೆ, ಹೆಚ್ಚೆಂದರೆ ನಾಳೆ ಬಂದು ನಿಲ್ಲುತ್ತದೆ. ಅಂಬಪ್ಪ ಬಾಗಿಲಲ್ಲಿ ಬಂದು ನಿಂತಾಗ ಅವನು ಖುಷಿಯಿಂದಲೇ, ನಾಳೆ ಬರತೈತಿ, ಗದ್ದೆಮ್ಮಗ ಹೇಳು ಅಂದ. ಅಂಬಪ್ಪ ಕೈ ಮುಗಿದು ಹೋದ.

ನಾಳೆ ಬಂತು, ಲಾರಿ ಬರಲಿಲ್ಲ. ಬಂದದ್ದು ಜಡಿಮಳೆ. ಕವಿತಾಳದ ಆಚೆಯ ಹಳ್ಳ ಉಕ್ಕಿ, ದಾರಿಯ ಮೇಲಿನ ಕಲ್ಲುಹಾಸು ಕೊಚ್ಚಿಹೋಗಿದೆ ಎಂದು ಟಪಾಲಿನವನು ಹೇಳಿದ. ಅವನನ್ನು ಹರಿಗೋಲಿನಲ್ಲಿ ದಾಟಿಸಿದ್ದರಂತೆ.

ಆ ದಿನ ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಪಂಪಮ್ಮ ರೊಟ್ಟಿ ಬಡಿಸುತ್ತ ಲಾರಿಯ ಸುದ್ದಿ ಕೇಳಿದಳು. ಸಿಂಧನೂರಿನ ಹೆಣ್ಣುಮಗಳು, ಮಾತು ಕಡಿಮೆ, ಆಡಿದರೆ ನೇರ. ಕರಿಬಸಯ್ಯ ತಾಟಿನ ಕಡೆ ನೋಡುತ್ತಲೇ, ನೀರು ಇಳಿದರೆ ನಾಳೆ ಬಂದೇ ಬರುತ್ತದೆ ಎಂದ. ಅವಳ ಕೈ ಅಲ್ಲೇ ನಿಂತಿತು.

"ಇದು ಸ್ಟ್ಯಾಂಡಿನ್ಯಾಗ ಮಂದಿಗೆ ಹೇಳೋ ನಾಳೆ ಏನ್ರೀ? ಇಲ್ಲಾ ಖರೇನ ನಾಳೆ?"

ಕರಿಬಸಯ್ಯ ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟ. ಇಷ್ಟು ವರ್ಷಗಳಲ್ಲಿ ಸಾವಿರ ಜನ ಅವನ ಮುಂದೆ ನಿಂತು ಇದೇ ಪ್ರಶ್ನೆಯನ್ನು ಕಣ್ಣಿನಲ್ಲಿ ಕೇಳಿದ್ದರು. ಬಾಯಿ ಬಿಟ್ಟು ಕೇಳಿದವಳು ಇವಳೊಬ್ಬಳೇ. ಸುಳ್ಳು ಹೇಳಲು ಅವನಿಗೆ ಆಗಲಿಲ್ಲ, ನಿಜ ಹೇಳಲು ಅವನಿಗೇ ನಿಜ ಗೊತ್ತಿರಲಿಲ್ಲ. ಕೈ ತೊಳೆದುಕೊಂಡು ಅಂಗಿಯ ಜೇಬಿನಿಂದ ಚೀಟಿ ತೆಗೆದ.

ಈ ಸಲ ಅವನು ಅದನ್ನು ಚೀಟಿ ಪಡೆದವನ ಹಾಗೆ ಓದಲಿಲ್ಲ, ಚೀಟಿ ಬರೆಯುವವನ ಹಾಗೆ ಓದಿದ. ಸಿಂಧನೂರಿನ ಅಂಗಡಿಕಾರರಿಗೆ ತಾನು ಚೀಟಿ ಬರೆಯುವುದು ಹೇಗೆ? ಗಂಟು ಲಾರಿ ಹತ್ತಿದ್ದರೆ ಲಾರಿಯ ನಂಬರೂ ಡ್ರೈವರನ ಹೆಸರೂ ತಾವಾಗಿಯೇ ಚೀಟಿಯಲ್ಲಿ ಬರುತ್ತವೆ. ಇಂಥವನ ಲಾರಿ, ಹೋಗಿ ಬಿಡಿಸಿಕೊಳ್ಳಿರಿ ಎಂದು. ಗಂಟು ಇನ್ನೂ ಗೋದಾಮಿನಲ್ಲೇ ಇದ್ದರೆ ಬರೆಯಲು ಏನೂ ಇರುವುದಿಲ್ಲ. ಆಗ ಒಂದು ದಿನದ ಹೆಸರು ಬರೆಯುತ್ತೇವೆ. ಚಾಂದ್‌ಪಾಷಾನೂ ಅಷ್ಟೇ. ಹಿಂದೆ ಮಾಲು ಹೊರಟಾಗಲೆಲ್ಲ ಅವನ ಚೀಟಿಯಲ್ಲಿ ನಂಬರು ಇರುತ್ತಿತ್ತು. ಇದರಲ್ಲಿ ಇಲ್ಲ. ಅಂದರೆ ಪೆಟ್ಟಿಗೆ ಹೊರಟಿಲ್ಲ; ಪರಸೋ ಅಂದರೆ ನಾಡಿದ್ದು. ಅದೂ ಚೀಟಿ ಬರೆದ ದಿನದಿಂದ ಎಣಿಸಿದ ನಾಡಿದ್ದು, ಟಪಾಲಿನಲ್ಲಿ ಬಂದು ಇವನ ಕೈ ಸೇರಿದ ದಿನದಿಂದಲ್ಲ. ಆ ನಾಡಿದ್ದೂ ಆಗಲೇ ಕಳೆದುಹೋಗಿತ್ತು. ಮೇಲಾಗಿ ಅದನ್ನು ಬರೆದಾಗ ಚಾಂದ್‌ಪಾಷಾನಿಗೆ ಹಳ್ಳದ ಸುದ್ದಿ ಗೊತ್ತೇ ಇರಲಿಲ್ಲ. ಹಬ್ಬದ ಚೀಟಿ ಬರೆದಾಗ ಹರತಾಳ ಗೊತ್ತಿರಲಿಲ್ಲ, ಹರತಾಳದ ಚೀಟಿ ಬರೆದಾಗ ಹಳ್ಳ ಉಕ್ಕುವುದು ಗೊತ್ತಿರಲಿಲ್ಲ. ಇನ್ನು ಮುಂದೆ ಏನೂ ಅಡ್ಡ ಬಾರದಿದ್ದರೆ ಎಂಬ ಮಾತನ್ನು ಪ್ರತಿ ಚೀಟಿಯೂ ಬರೆಯದೆ ಬಿಟ್ಟಿತ್ತು. ತಾನೂ ಓದದೆ ಬಿಟ್ಟಿದ್ದ.

ಇಷ್ಟು ತಿಳಿದ ಮೇಲೆ ಇನ್ನೊಂದು ತಿಳಿಯುವುದು ಕಷ್ಟವಾಗಲಿಲ್ಲ. ರಜೆ ನಿಲ್ಲಿಸಿದ್ದು ನಾಕಾವನ್ನು, ದವಾಖಾನೆಯನ್ನಲ್ಲ. ಹರತಾಳ ನಿಲ್ಲಿಸಿದ್ದು ಲಾರಿಯನ್ನು, ಎತ್ತಿನ ಬಂಡಿಯನ್ನಲ್ಲ. ಹಳ್ಳ ನಿಲ್ಲಿಸಿದ್ದು ಗಾಲಿಯನ್ನು. ಟಪಾಲಿನವನು ದಾಟಿ ಬಂದಿಲ್ಲವೇ? ನಿಂತದ್ದೆಲ್ಲ ಪೆಟ್ಟಿಗೆ. ತಮ್ಮನ್ನು ನಿಲ್ಲಿಸಿದ್ದು ತನ್ನ ನಾಳೆ ಮಾತ್ರ.

"ಅರಿವಿ ಕಟ್ಟಿಕೋ, ನಾವ ರಾಯಚೂರಿಗೆ ಹೋಗೂಣು" ಎಂದ ಹೆಂಡತಿಗೆ. ಪಂಪಮ್ಮ ಏಕೆಂದು ಕೇಳಲಿಲ್ಲ. ಒಲೆಯ ಬೆಂಕಿ ಆರಿಸಿ, ಗದ್ದೆಮ್ಮಗ ಹೇಳಿದಿರೇನು ಎಂದಷ್ಟೇ ಕೇಳಿದಳು.

ಅದು ಎಲ್ಲಕ್ಕಿಂತ ಕಷ್ಟದ ಕೆಲಸ. ಬಂಡಿಯ ಜಂಗ್ಲಿಸಾಬನನ್ನು ಒಪ್ಪಿಸಿ ಕರಿಬಸಯ್ಯ ಅಂಬಪ್ಪನ ಮನೆಯ ಮುಂದೆ ಹೋಗಿ ನಿಂತಾಗ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ರಾಯಚೂರಿಗೆ ಹೊರಡಿರಿ ಎಂದರೆ ಅಂಬಪ್ಪ ಕದಲಲೇ ಇಲ್ಲ. ಮಳೆಯಲ್ಲಿ ಯಾಕೆ, ಔಷಧಿ ನಾಳೆಯೋ ನಾಡಿದ್ದೋ ಇಲ್ಲಿಗೇ ಬರುತ್ತದಲ್ಲ, ಅಯ್ಯನವರೇ ಹೇಳಿದ್ದಾರಲ್ಲ ಎಂದು ಅವನು ಅಯ್ಯನವರಿಗೇ ಸಮಾಧಾನ ಹೇಳತೊಡಗಿದ. ದಿನವೂ ಲಾರಿಯಿಂದ ಮೂಟೆ ಇಳಿಸುವವನು. ಏಜೆಂಟರ ಮಾತೆಂದರೆ ಅವನಿಗೆ ಸರ್ಕಾರದ ಮುದ್ರೆಯೇ. ಊರೆಲ್ಲ ನಗುತ್ತಿದ್ದ ಆ ನಾಳೆಯನ್ನು ಒಬ್ಬ ಮನುಷ್ಯನಾದರೂ ಪೂರ್ತಿ ನಂಬಿದ್ದ. ಕರಿಬಸಯ್ಯನಿಗೆ ಅಳು ಬಂದಂತಾಯಿತು.

"ಬರಂಗಿಲ್ಲ ಅಂಬಪ್ಪ. ಪೆಟಿಗಿ ಲಾರಿ ಹತ್ತಿದ ಸುದ್ದೀನ ಇಲ್ಲ. ನಾ ಗೊತ್ತಿಲ್ಲದ ನಾಳೆ ಅಂದಿದ್ದೆ. ಇದೊಂದ ಸಲ ಅಲ್ಲ, ಯಾವತ್ತೂ ಹಂಗ ಅಂತಿದ್ದೆ."

ಕಟ್ಟೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಅಂಬಪ್ಪ ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಗದ್ದೆಮ್ಮ ಸೆರಗು ಬಿಗಿದುಕೊಂಡು ಕುಂಟುತ್ತ ಹೊರಗೆ ಬಂದು, ಬಂಡಿ ಎಲ್ಲಿ ನಿಂತಿದೆ ಎಂದು ಕೇಳಿದಳು. ಅಂಬಪ್ಪ ಒಂದು ಕಂಬಳಿ ತಂದು ಅವಳ ಹೆಗಲಿಗೆ ಹಾಕಿ ಹಿಂದೆ ನಡೆದ.

ದಾರಿಯ ಕಷ್ಟವನ್ನು ಹೇಳುತ್ತ ಹೋದರೆ ಅದೇ ಒಂದು ಕಥೆ. ಕರಿ ಮಣ್ಣು ಗಾಲಿಗೆ ಮೆತ್ತಿ, ಜಂಗ್ಲಿಸಾಬ್ ಎತ್ತುಗಳಿಗಿಂತ ಹೆಚ್ಚಾಗಿ ಏಜೆಂಟನನ್ನೇ ಬೈಯುತ್ತ ಹೊಡೆದ. ಹೆಂಗಸರಿಬ್ಬರೂ ಒಂದೇ ಕಂಬಳಿಯೊಳಗೆ ಕೂತು, ಗಾಯ ತುರಿಸುತ್ತದೆಯೇ, ನೀರು ಕುಡಿಯಲು ಆಗುತ್ತದೆಯೇ ಎಂದು ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನೀರಿಗೆ ಅಂಜುವುದು ಆ ರೋಗದ ಗುರುತೆಂದು ಇಬ್ಬರಿಗೂ ಗೊತ್ತಿತ್ತು. ಒಬ್ಬಳು ತಂಬಿಗೆ ಎತ್ತಿ ಕುಡಿದರೆ ಇನ್ನೊಬ್ಬಳ ಮುಖ ಅರಳುತ್ತಿತ್ತು. ಕರಿಬಸಯ್ಯ ಮುಂದೆ ಕೂತು ಇದನ್ನು ಕೇಳುತ್ತ ಬಂದ.

ಕವಿತಾಳದ ಆಚೆಯ ಹಳ್ಳದಲ್ಲಿ ಬಂಡಿ ಬಿಟ್ಟು ಹರಿಗೋಲು ಹತ್ತಿದರು. ಆಚೆ ದಡದಲ್ಲಿ ಕಂಪನಿಯದೇ ಲಾರಿಯೊಂದು ಮಾಲು ತುಂಬಿಕೊಂಡು ನಿಂತಿತ್ತು. ಪೆಟ್ಟಿಗೆ ಇದರಲ್ಲೇ ಇರಬಹುದೆಂದು ಕರಿಬಸಯ್ಯ ಹಿಗ್ಗಿದ. ಓಡಿಹೋಗಿ ಡ್ರೈವರನನ್ನು ಕೇಳಿದ. ಅವನು ನಕ್ಕು, ಇದೆಲ್ಲ ಹಬ್ಬಕ್ಕೂ ಮುಂಚೆ ಬಂದು ಕೂತಿದ್ದ ಅರಿವೆ, ಬೆಲ್ಲ; ಹರತಾಳ ಮುಗಿದ ಮೇಲೆ ಹಳೆಯದನ್ನು ಮೊದಲು ತುಂಬಿದ್ದಾರೆ, ಆಮೇಲೆ ಬಂದದ್ದರ ಸರದಿ ಇನ್ನೂ ಹಿಂದಿದೆ ಎಂದ. ಅಂದರೆ ಹರತಾಳ ಮುಗಿದರೂ ಪೆಟ್ಟಿಗೆಯ ದಾರಿ ತೆರೆದಿರಲಿಲ್ಲ. ಹಳ್ಳದ ಕಲ್ಲುಹಾಸು ಸರಿಯಾಗುವ ಲಕ್ಷಣ ಕಾಣದೆ ಡ್ರೈವರ ರಾಯಚೂರಿಗೆ ತಿರುಗಿ ಹೊರಟಿದ್ದ. ಹೆಂಗಸರನ್ನು ತನ್ನ ಪಕ್ಕದಲ್ಲಿ, ಗಂಡಸರನ್ನು ಬೆಲ್ಲದ ಪೆಂಟೆಗಳ ಮೇಲೆ ಕೂರಿಸಿಕೊಂಡ.

ರಾಯಚೂರಿನ ದವಾಖಾನೆಯಲ್ಲಿ, ತಲುಪಿದ ದಿನವೇ, ಇಬ್ಬರಿಗೂ ಮೊದಲ ಸೂಜಿ ಬಿತ್ತು. ಗದ್ದೆಮ್ಮ ಕಿರುಚಿದಳು; ಪಂಪಮ್ಮ ಅವಳ ಕೈ ಹಿಡಿದುಕೊಂಡಿದ್ದಳು, ತನ್ನ ಸರದಿ ಬಂದಾಗ ತುಟಿ ಕಚ್ಚಿದಳು.

ಸುದ್ದಿ ತಿಳಿದು ಚಾಂದ್‌ಪಾಷಾ ಓಡಿ ಬಂದ. ಜರೂರು ಎಂದು ಎಲ್ಲರೂ ಬರೆಸುವಂತೆ ಇದನ್ನೂ ಬರೆಸಿದ್ದಾರೆ ಎಂದುಕೊಂಡಿದ್ದನಂತೆ. ಮನೆಯವರಿಗೇ ನಾಯಿ ಕಚ್ಚಿದೆಯೆಂದು ಒಂದು ಮಾತು ಬರೆಯಬಾರದಿತ್ತೇ ಎಂದು ತಲೆ ಚಚ್ಚಿಕೊಂಡ. ಪೆಟ್ಟಿಗೆ ಎಣ್ಣೆ ಡಬ್ಬಿಗಳ ಹಿಂದೆ ಗೋದಾಮಿನಲ್ಲೇ ಇತ್ತು.

"ನೀವು ಅಲ್ಲಿ ಗಾಬರಿ ಆಗಬಾರದು ಅಂತ ಪರಸೋ ಅಂದೆ, ಅಯ್ಯನೋರ."

ಕರಿಬಸಯ್ಯನಿಗೆ ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ತನ್ನ ಮುಖವನ್ನೇ ನೋಡಿದಂತಾಗಿತ್ತು. ಅವನ ಹೆಗಲ ಮೇಲೆ ಕೈ ಇಟ್ಟು, ಇನ್ನು ಮುಂದೆ ಲಾರಿ ಹತ್ತಿದ್ದರೆ ನಂಬರು ಬರೆ, ಹತ್ತದಿದ್ದರೆ ಹತ್ತಿಲ್ಲ ಎಂದು ಬರೆ, ದಿನ ಬರೆಯಬೇಡ ಎಂದ. ಚಾಂದ್‌ಪಾಷಾ ಹೂಂ ಎಂದ. ಅವನಿಂದ ಅದು ಪೂರ್ತಿಯಾಗಿ ಆಗಲಿಲ್ಲ, ಆ ಮಾತು ಬೇರೆ. ಕಚ್ಚಿದ ಗಾಯಗಳು ಒಣಗಿದವು, ಸೂಜಿಯ ದಿನಗಳು ಮುಗಿದವು. ಇವರು ಊರಿಗೆ ಮರಳುವ ಹೊತ್ತಿಗೆ ಹಳ್ಳಕ್ಕೆ ಕಲ್ಲು ಹಾಕುತ್ತಿದ್ದರು, ಪೆಟ್ಟಿಗೆ ಇನ್ನೂ ಲಿಂಗಸುಗೂರು ಕಂಡಿರಲಿಲ್ಲ. ಇಬ್ಬರು ಹೆಂಗಸರೂ ಮುಂದೆ ಮೊಮ್ಮಕ್ಕಳನ್ನು ಆಡಿಸಿದರು.

ಕರಿಬಸಯ್ಯ ಏಜೆಂಟನಾಗಿಯೇ ಉಳಿದ, ಆದರೆ ಊರಿಗೆ ಅವನು ಮೊದಲಿನಷ್ಟು ಹಿಡಿಸಲಿಲ್ಲ. ಮಾಲು ಎಲ್ಲಿದೆ, ಯಾವುದು ತಡೆದಿದೆ, ಸುದ್ದಿ ಯಾವ ದಿನದ್ದು, ಇಷ್ಟನ್ನು ಹೇಳುತ್ತಿದ್ದ. ಯಾವಾಗ ಎಂದರೆ ಗೊತ್ತಿಲ್ಲ ಎನ್ನುತ್ತಿದ್ದ. ಮುಖ ಬಾಡುವುದನ್ನು ನೋಡುವುದು ಅವನಿಗೆ ಆಗಲೂ ಕಷ್ಟವೇ, ಆದರೂ ನೋಡುತ್ತಿದ್ದ. ನಾಳೆ ಎಂದು ನಗಿಸಿ ಕಳಿಸುತ್ತಿದ್ದ ಅಯ್ಯನವರಿಗೆ ಈಗ ಸೊಕ್ಕು ಬಂದಿದೆ ಎಂದವರೂ ಇದ್ದರು.

ಒಂದು ಮಳೆಗಾಲ ಮಸ್ಕಿಯ ವಿರೂಪಾಕ್ಷಪ್ಪನೆಂಬ ರೈತ ಬಿತ್ತನೆಯ ಬೀಜದ ಚೀಲಕ್ಕಾಗಿ ಬಂದ. ಕವಿತಾಳದ ಆಚೆಯ ಹಳ್ಳ ತುಂಬಿತ್ತು, ಚೀಲ ರಾಯಚೂರಿನಲ್ಲಿತ್ತು. ಗೊತ್ತಿಲ್ಲ ಎಂಬ ಉತ್ತರ ಕೇಳಿ ಅವನಿಗೆ ರೇಗಿತು. ಹಸಿ ಆರುವ ಮುಂಚೆ ಬಿತ್ತಬೇಕು, ಒಂದು ದಿನ ಹೇಳಲಾರದವನು ಏಜೆಂಟನಾಗಿ ಯಾಕೆ ಕೂತಿದ್ದಾನೆ ಎಂದು ಸ್ಟ್ಯಾಂಡಿಗೆಲ್ಲ ಕೇಳುವಂತೆ ಬೈದ. ಕರಿಬಸಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಉಪ್ಪಿನ ಮೂಟೆ ಹೊತ್ತು ಹೋಗುತ್ತಿದ್ದ ಅಂಬಪ್ಪ ಅಲ್ಲೇ ನಿಂತ. ಹತ್ತು ಜನರೆದುರು ಎಂದೂ ಬಾಯಿ ಬಿಟ್ಟವನಲ್ಲ. ಬೆನ್ನಿನ ಭಾರ ಇಳಿಸದೆಯೇ ವಿರೂಪಾಕ್ಷಪ್ಪನ ಕಡೆ ತಿರುಗಿ ಹೇಳಿದ:

"ಗೌಡ್ರ, ಅವರು ಗೊತ್ತಿಲ್ಲ ಅಂದಾರಂದ್ರ ಕಾಯಬ್ಯಾಡ್ರಿ. ನೆರಿಹೊಲದಾಗ ಯಾರ ಹಂತ್ಯಾಕರ ಬೀಜ ಕೇಳಿ ಇವತ್ತ ಬಿತ್ತ್ರಿ. ನನ್ನ ಹೇಣ್ತಿ ಬದುಕ್ಯಾಳಲ್ರೀ, ಆ ಮಾತಿನಿಂದನ ಬದುಕ್ಯಾಳ."

ವಿರೂಪಾಕ್ಷಪ್ಪ ಇಬ್ಬರನ್ನೂ ನೋಡಿದ. ಆಮೇಲೆ ಮಸ್ಕಿಗೆ ಮರಳಿ ಬೀಜ ಹುಡುಕಲು ಜಂಗ್ಲಿಸಾಬನ ಬಂಡಿ ಎಲ್ಲಿದೆ ಎಂದು ಕೇಳಿಕೊಂಡು ಹೊರಟ. ಅಂಬಪ್ಪ ಮೂಟೆಯನ್ನು ಸರಿಪಡಿಸಿಕೊಂಡು ಗೋದಾಮಿನ ಕಡೆ ನಡೆದ.